[3, 2, 1] ಆದ ಮೇಲೆ ಏನು?

ಪ್ರಶ್ನೆ: ಸರ್, ಅರೇಯ ಮುಂದಿನ ಕ್ರಮಯೋಜನೆ ಹುಡುಕುವ ಕೋಡನ್ನು ಪೈಥಾನ್‌ನಲ್ಲಿ ಬರೆದೆ. ಇನ್ನೊಂದು ಅರೇ ಬಳಸುವಂತಿಲ್ಲ, ಇದ್ದ ಜಾಗದಲ್ಲೇ ಬದಲಾಯಿಸಬೇಕು. [1, 2, 3] ಇಂದ ಶುರು ಮಾಡಿದರೆ ಆರೂ ಸರಿಯಾಗಿ ಬಂದವು. [3, 2, 1] ಕೊಟ್ಟರೆ [1, 2, 3] ಕೂಡ ಬಂತು. ಆದರೆ [1, 5, 1] ಕೊಟ್ಟರೆ [1, 1, 5] ಬಂತು. ಎರಡನೇ ಲೂಪಿನಲ್ಲಿದ್ದ `<` ತೆಗೆದು `<=` ಹಾಕಿದೆ. ಅದು ಸರಿಹೋಯಿತು, ಆದರೆ ಈಗ [3, 2, 1] ಕೊಟ್ಟರೆ [2, 1, 3] ಬರುತ್ತಿದೆ! ಪೂರ್ತಿ ಇಳಿಕೆ ಕ್ರಮದಲ್ಲಿದ್ದರೆ ಮೊದಲೇ ಒಂದು `if` ಹಾಕಿ `sort()` ಮಾಡಿಬಿಡು ಅಂತ ನನ್ನ ಗೆಳತಿ ಹೇಳ್ತಾಳೆ. ಅದೇ ಸರಿಯಾದ ದಾರಿಯಾ? ಬದಲಾಯಿಸುವ ಮುಂಚಿನ ಕೋಡ್ ಕೆಳಗಿದೆ, ಕೊನೆಯ ತಿರುಗಿಸುವ ಲೂಪ್ ಸರಿ ಇದೆ.

```python
i = len(a) - 2
while i >= 0 and a[i] >= a[i + 1]:
    i -= 1
j = len(a) - 1
while a[j] < a[i]:
    j -= 1
a[i], a[j] = a[j], a[i]
# a[i+1] ಇಂದ ಕೊನೆಯವರೆಗೆ ತಿರುಗಿಸುವ ಲೂಪ್
```

— ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನೀವು `<=` ಮಾಡಿದ್ದು ಸರಿಯಾದ ತಿದ್ದುಪಡಿ, ಅದನ್ನು ಹಾಗೇ ಇಟ್ಟುಕೊಳ್ಳಿ. ನಿಮ್ಮ ಕೋಡಿನಲ್ಲಿ ಮೊದಲಿನಿಂದಲೂ ಎರಡು ತಪ್ಪುಗಳಿದ್ದವು, ಒಂದು ಇನ್ನೊಂದನ್ನು ಮುಚ್ಚಿಟ್ಟಿತ್ತು. ಒಂದನ್ನು ತೆಗೆದ ಕೂಡಲೇ ಎರಡನೆಯದು ಬಯಲಿಗೆ ಬಂತು, ಅಷ್ಟೇ. [3, 2, 1]ಕ್ಕೆ ಮೊದಲು ಸರಿ ಉತ್ತರ ಬರುತ್ತಿದ್ದದ್ದು ಆಕಸ್ಮಿಕ. ಅದು ಹೇಗೆ ಅಂತ ಮುಂದೆ ತೋರಿಸುತ್ತೇನೆ, ಯಾಕೆಂದರೆ ಈ ಆಕಸ್ಮಿಕದೊಳಗೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಅದಕ್ಕೂ ಮುಂಚೆ ಈ ಮೂರು ಹೆಜ್ಜೆಗಳು ಯಾಕೆ ಬೇಕು ಅನ್ನುವುದು ಸ್ಪಷ್ಟವಾಗಬೇಕು. ಬಾಯಿಪಾಠ ಮಾಡಿದ ಹೆಜ್ಜೆಗಳಲ್ಲಿ `<` ಎಲ್ಲಿ, `<=` ಎಲ್ಲಿ ಅನ್ನುವುದು ನೆನಪಿನಲ್ಲಿ ಉಳಿಯುವುದಿಲ್ಲ. ಕಾರಣ ಗೊತ್ತಿದ್ದರೆ ಮರೆತರೂ ಮತ್ತೆ ಕಂಡುಹಿಡಿಯಬಹುದು.

ಇಲ್ಲಿ ನಾವು ಅನುಸರಿಸುತ್ತಿರುವುದು ನಿಘಂಟಿನ ಕ್ರಮ. ‘ಕಮಲ’ ಪದದ ಮೂರು ಅಕ್ಷರಗಳನ್ನು ತೆಗೆದುಕೊಳ್ಳಿ. ನಿಘಂಟಿನಲ್ಲಿ ಬರುವಂತೆ ಜೋಡಿಸಿದರೆ ಕಮಲ, ಕಲಮ, ಮಕಲ, ಮಲಕ, ಲಕಮ, ಲಮಕ. ಅರ್ಥ ಇರಲಿ ಬಿಡಲಿ, ಕ್ರಮ ಮಾತ್ರ ಇದೇ. ಗಮನಿಸಿ: ‘ಕ’ದಿಂದ ಶುರುವಾಗುವವು ಎಲ್ಲ ಮುಗಿದ ಮೇಲೇ ‘ಮ’ದಿಂದ ಶುರುವಾಗುವವು ಬರುತ್ತವೆ. ಅಂದರೆ ಎಡಗಡೆಯ ಅಕ್ಷರವನ್ನು ಆದಷ್ಟು ತಡವಾಗಿ ಮುಟ್ಟಬೇಕು, ಬದಲಾವಣೆ ಬಲತುದಿಯಲ್ಲೇ ಮುಗಿಯಬೇಕು.

ಸ್ಕೂಟರಿನ ಕಿಲೋಮೀಟರ್ ಮೀಟರನ್ನು ನೆನಪಿಸಿಕೊಳ್ಳಿ. 1399 ಇದ್ದದ್ದು ಒಂದು ಕಿಲೋಮೀಟರ್ ಹೋದರೆ 1400 ಆಗುತ್ತದೆ. ಬಲಗಡೆಯ ಎರಡು 9ಗಳು ‘ತುಂಬಿದ’ ಚಕ್ರಗಳು, ಅವು ಇನ್ನು ಮೇಲೆ ಏರಲಾರವು. ಹಾಗಾಗಿ ತುಂಬದೆ ಉಳಿದ ಮೊದಲ ಚಕ್ರ, ಅಂದರೆ 3, ಒಂದು ಹೆಜ್ಜೆ ಏರುತ್ತದೆ, ಬಲಗಡೆಯ ತುಂಬಿದ ಚಕ್ರಗಳು ತಮ್ಮ ಕನಿಷ್ಠಕ್ಕೆ, ಸೊನ್ನೆಗೆ, ಇಳಿಯುತ್ತವೆ. ಕ್ರಮಯೋಜನೆಯಲ್ಲಿ ನಡೆಯುವುದೂ ಇದೇ. ಒಂದೇ ವ್ಯತ್ಯಾಸ: ನಮಗೆ ಹೊಸ ಅಂಕಿಗಳು ಸಿಗುವುದಿಲ್ಲ, ಇರುವುದನ್ನೇ ಜಾಗ ಬದಲಿಸಬೇಕು. ಹಾಗಿದ್ದರೆ ಇಲ್ಲಿ ‘ತುಂಬಿದ’ ಭಾಗ ಯಾವುದು? ಇಳಿಕೆ ಕ್ರಮದಲ್ಲಿರುವ ಬಾಲ. ಒಂದಿಷ್ಟು ಸಂಖ್ಯೆಗಳನ್ನು ಇಳಿಕೆ ಕ್ರಮದಲ್ಲಿಟ್ಟರೆ ಅವುಗಳಿಂದ ಮಾಡಬಹುದಾದ ಅತಿ ದೊಡ್ಡ ಜೋಡಣೆ ಅದೇ. ಅದಕ್ಕಿಂತ ಮುಂದಿನದು ಆ ಸಂಖ್ಯೆಗಳೊಳಗೇ ಇಲ್ಲ.

ಒಂದು ಉದಾಹರಣೆಯನ್ನು ಪೂರ್ತಿ ಮಾಡಿ ನೋಡೋಣ. ಬೇಕೆಂದೇ ಒಂದು ಸಂಖ್ಯೆ ಎರಡು ಸಲ ಬರುವಂತೆ ಇಟ್ಟಿದ್ದೇನೆ: [2, 4, 7, 6, 6, 3, 1].

ಬಲತುದಿಯಿಂದ ಎಡಕ್ಕೆ ನಡೆಯಿರಿ. 1, ಆಮೇಲೆ 3, ಆಮೇಲೆ 6, ಇನ್ನೊಂದು 6, ಆಮೇಲೆ 7. ಇಲ್ಲಿಯವರೆಗೆ ಏರುತ್ತಲೋ ಸಮನಾಗಿಯೋ ಬಂದೆವು, ಎಲ್ಲೂ ಇಳಿಯಲಿಲ್ಲ. ಅದರಾಚೆ 4. ಇಲ್ಲಿ ಮೊದಲ ಸಲ ಇಳಿದೆವು. ಆದ್ದರಿಂದ [7, 6, 6, 3, 1] ತುಂಬಿದ ಬಾಲ, 4 ಏರಬೇಕಾದ ಚಕ್ರ. ಈ 4 ಇರುವ ಜಾಗವನ್ನು ಪಿವಟ್ ಅನ್ನುತ್ತಾರೆ. ಎರಡು 6ಗಳು ಪಕ್ಕಪಕ್ಕ ಸಿಕ್ಕಾಗ ನಾವು ನಿಲ್ಲಲಿಲ್ಲ ಅನ್ನುವುದನ್ನು ನೋಡಿಕೊಳ್ಳಿ. ಸಮನಾದವನ್ನು ಅದಲುಬದಲು ಮಾಡಿದರೆ ಜೋಡಣೆ ದೊಡ್ಡದಾಗುವುದಿಲ್ಲ, ಹಾಗಾಗಿ ಅವೂ ಬಾಲದ ಭಾಗವೇ. ಮೊದಲ ಲೂಪಿನಲ್ಲಿ ನೀವು `>=` ಹಾಕಿದ್ದು ಈ ಕಾರಣಕ್ಕೆ ಸರಿ.

ಈಗ 4ರ ಜಾಗಕ್ಕೆ ಏನು ಬರಬೇಕು? 4ಕ್ಕಿಂತ ದೊಡ್ಡದಾಗಿರಬೇಕು, ಆದರೆ ಆದಷ್ಟು ಕಡಿಮೆ ದೊಡ್ಡದಾಗಿರಬೇಕು. ಬಾಲದಲ್ಲಿ ಅಂಥದ್ದು 6. ಬಾಲ ಇಳಿಕೆ ಕ್ರಮದಲ್ಲಿರುವುದರಿಂದ ಹುಡುಕುವುದು ಸುಲಭ: ಬಲತುದಿಯಿಂದ ಬಂದರೆ 4ಕ್ಕಿಂತ ದೊಡ್ಡದಾಗಿ ಮೊದಲು ಸಿಗುವುದೇ ಅತಿ ಚಿಕ್ಕದು. 1 ಬಿಟ್ಟೆವು, 3 ಬಿಟ್ಟೆವು, 6 ಸಿಕ್ಕಿತು. ಎರಡು 6ಗಳಲ್ಲಿ ಬಲಗಡೆಯದು. ಅದನ್ನೂ 4ನ್ನೂ ಅದಲುಬದಲು ಮಾಡಿದರೆ [2, 6, 7, 6, 4, 3, 1]. ಬಾಲ ಈಗ [7, 6, 4, 3, 1]. 4 ಒಳಗೆ ಬಂದರೂ ಇಳಿಕೆ ಕ್ರಮ ಕೆಡಲಿಲ್ಲ. ಯಾಕೆಂದರೆ 4 ಕುಳಿತ ಜಾಗದ ಬಲಗಡೆ ಇರುವುದೆಲ್ಲ 4ಕ್ಕಿಂತ ದೊಡ್ಡದಲ್ಲ, ಎಡಗಡೆ ಇರುವುದೆಲ್ಲ ದೊಡ್ಡದು. ಹಾಗಾಗಿ ಕೊನೆಯ ಹೆಜ್ಜೆಗೆ ಸಾರ್ಟ್ ಬೇಕಿಲ್ಲ, ಬಾಲವನ್ನು ತಿರುಗಿಸಿದರೆ ಸಾಕು, ಅದು ತಾನಾಗಿ ಏರಿಕೆ ಕ್ರಮಕ್ಕೆ ಬರುತ್ತದೆ: [2, 6, 1, 3, 4, 6, 7]. ಇದೇ ಉತ್ತರ.

ಬಲಗಡೆಯ 6ರ ಬದಲು ಎಡಗಡೆಯ 6ನ್ನು ಹಿಡಿದಿದ್ದರೆ ಏನಾಗುತ್ತಿತ್ತು? ಎರಡೂ 6 ತಾನೆ ಅನ್ನಿಸಬಹುದು. ಅದಲುಬದಲಾದ ಮೇಲೆ [2, 6, 7, 4, 6, 3, 1]. ಬಾಲದಲ್ಲಿ 4ರ ಬಲಗಡೆ 6 ಉಳಿಯಿತು, ಇಳಿಕೆ ಕ್ರಮ ಮುರಿಯಿತು. ಈಗ ತಿರುಗಿಸಿದರೆ [2, 6, 1, 3, 6, 4, 7]. ಇದು ಹಿಂದಿನದಕ್ಕಿಂತ ದೊಡ್ಡದೇ, ನೋಡಲು ಚೆನ್ನಾಗಿಯೇ ಇದೆ, ದೋಷದ ಸಂದೇಶವೂ ಬರುವುದಿಲ್ಲ. ಆದರೆ ನಡುವೆ ಬರಬೇಕಿದ್ದ [2, 6, 1, 3, 4, 6, 7] ಮತ್ತು [2, 6, 1, 3, 4, 7, 6] ಎರಡೂ ಸದ್ದಿಲ್ಲದೆ ಬಿಟ್ಟುಹೋದವು. ಎಡದಿಂದ ಬಲಕ್ಕೆ ಹುಡುಕಿ ‘ಅತಿ ಚಿಕ್ಕದು’ ಸಿಕ್ಕಿದ ಕೂಡಲೇ ಹಿಡಿದುಕೊಳ್ಳುವ ಕೋಡುಗಳಲ್ಲಿ ಈ ತಪ್ಪು ಕಾಣುತ್ತದೆ. ಎಲ್ಲ ಸಂಖ್ಯೆಗಳೂ ಬೇರೆ ಬೇರೆ ಇದ್ದಾಗ ಇದು ಗೊತ್ತೇ ಆಗುವುದಿಲ್ಲ.

ಈಗ ನಿಮ್ಮ ಎರಡನೇ ಲೂಪಿಗೆ ಬರೋಣ. `a[j] < a[i]` ಇರುವ ತನಕ ಎಡಕ್ಕೆ ಸರಿಯುತ್ತೀರಿ ಅಂದರೆ, ಸಮನಾದದ್ದು ಸಿಕ್ಕಿದರೂ ನಿಂತುಬಿಡುತ್ತೀರಿ. [1, 5, 1]ರಲ್ಲಿ ಪಿವಟ್ ಮೊದಲ 1. ಬಲತುದಿಯಲ್ಲೇ ಇನ್ನೊಂದು 1 ಇದೆ, 1 < 1 ಸುಳ್ಳು, ಲೂಪ್ ಅಲ್ಲೇ ನಿಂತಿತು. 1ಕ್ಕೆ 1 ಅದಲುಬದಲು, ಏನೂ ಬದಲಾಗಲಿಲ್ಲ. ಆಮೇಲೆ ಬಾಲ [5, 1] ತಿರುಗಿ [1, 5] ಆಯಿತು. ಏರಬೇಕಾದ ಚಕ್ರ ಏರಲಿಲ್ಲ, ತುಂಬಿದ ಚಕ್ರಗಳು ಮಾತ್ರ ಸೊನ್ನೆಗಿಳಿದವು. 1399 ಹೋಗಿ 1300 ಆದಂತೆ. ಇಲ್ಲಿಂದ ಮುಂದೆ ಮತ್ತೆ ಕರೆದರೆ [1, 1, 5] ಇಂದ [1, 5, 1], ಅಲ್ಲಿಂದ ಮತ್ತೆ [1, 1, 5]. ಎರಡರ ನಡುವೆಯೇ ಓಡಾಟ. [5, 1, 1] ಎಂದೂ ಬರುವುದಿಲ್ಲ.

ಈ ತಪ್ಪು ಎಷ್ಟು ಚೆನ್ನಾಗಿ ಅಡಗಿಕೊಳ್ಳುತ್ತದೆ ನೋಡಿ. ಇದೇ `<` ಇಟ್ಟುಕೊಂಡು [1, 5, 5] ಇಂದ ಶುರು ಮಾಡಿ. [5, 1, 5] ಬರುತ್ತದೆ, [5, 5, 1] ಬರುತ್ತದೆ, ಮೂರೂ ಸರಿ. ಎರಡು ಸಲ ಬರುವ ಸಂಖ್ಯೆಯೇ ಅತಿ ದೊಡ್ಡದಾಗಿದ್ದರೆ ಅದು ಎಂದೂ ಪಿವಟ್ ಆಗುವುದಿಲ್ಲ, ಪಿವಟ್ ಆಗಲು ಬಲಗಡೆ ತನಗಿಂತ ದೊಡ್ಡದು ಬೇಕಲ್ಲ. ಹಾಗಾಗಿ ‘ಎರಡೆರಡು ಇರುವ ಅರೇಯನ್ನೂ ಪರೀಕ್ಷಿಸಿದ್ದೇನೆ’ ಅಂತ ಹೇಳುವವರೂ [1, 5, 5] ಒಂದನ್ನೇ ನೋಡಿ ಮೋಸ ಹೋಗಬಹುದು. ನೀವು [1, 5, 1] ಆರಿಸಿಕೊಂಡದ್ದು ಒಳ್ಳೆಯದಾಯಿತು.

ಇದು ಕಾಲೇಜಿನ ಲೆಕ್ಕಕ್ಕೆ ಮಾತ್ರ ಸೀಮಿತ ಅಂದುಕೊಳ್ಳಬೇಡಿ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ಬಣ್ಣ ಹಾಕುವ ಯಂತ್ರಕ್ಕೆ ದಿನದ 8 ಕೆಲಸಗಳ ಸರದಿ ಹಾಕುವ ಪ್ರೋಗ್ರಾಂ ಇತ್ತು. ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗುವಾಗ ನಳಿಗೆ ತೊಳೆಯುವ ಸಮಯ ಜೋಡಿಯಿಂದ ಜೋಡಿಗೆ ಬೇರೆ. 8 ಕೆಲಸಕ್ಕೆ 40,320 ಸರದಿಗಳು, ಎಲ್ಲವನ್ನೂ ನೋಡಿ ಕಡಿಮೆ ಸಮಯದ್ದನ್ನು ಆರಿಸುತ್ತಿತ್ತು. ತಿಂಗಳುಗಟ್ಟಲೆ ಚೆನ್ನಾಗಿ ನಡೆಯಿತು. ಒಂದು ದಿನ ಪಟ್ಟಿಯಲ್ಲಿ ಬಿಳಿ ಬಣ್ಣದ ಕೆಲಸ ಎರಡು ಬಂದವು, ಬಿಳಿಯ ಕೋಡ್ ಸಂಖ್ಯೆ 1. ಎರಡು ಒಂದೇ ಥರದ ಕೆಲಸ ಇದ್ದುದರಿಂದ ಸರದಿಗಳು 20,160ಕ್ಕೆ ಇಳಿದು ಬೇಗ ಮುಗಿಯಬೇಕಿತ್ತು. ಬದಲಿಗೆ ಪ್ರೋಗ್ರಾಂ ಮುಗಿಯಲೇ ಇಲ್ಲ, ಬೆಳಗಿನ ಪಾಳಿಯವರು ಯಂತ್ರದ ಮುಂದೆ ಕೈಕಟ್ಟಿ ನಿಂತಿದ್ದರು. ಕೋಡ್ ತೆರೆದು ನೋಡಿದರೆ ನಿಮ್ಮದೇ ಸಾಲು, ಅದೇ `<`. ಆ ದಿನದ ಮಟ್ಟಿಗೆ ಎರಡನೇ ಬಿಳಿಗೆ ಬೇರೆ ಸಂಖ್ಯೆ ಕೊಟ್ಟು ಓಡಿಸಿದೆವು. ಸಂಜೆ ಕೂತು ಸರಿಯಾಗಿ ತಿದ್ದಿದೆವು.

ಈಗ ಇಳಿಕೆ ಕ್ರಮದ ವಿಷಯ. ಮೀಟರಿನ ಮಾತಿನಲ್ಲಿ ಹೇಳುವುದಾದರೆ ಇದು 9999. ಎಲ್ಲ ಚಕ್ರಗಳೂ ತುಂಬಿವೆ, ಏರಲು ಯಾವುದೂ ಇಲ್ಲ, ಎಲ್ಲವೂ ಸೊನ್ನೆಗಿಳಿಯುತ್ತವೆ: 0000. [3, 2, 1]ರಲ್ಲಿ ಇಡೀ ಅರೇಯೇ ತುಂಬಿದ ಬಾಲ. ಪಿವಟ್ ಇಲ್ಲ, ಹಾಗಾಗಿ ಅದಲುಬದಲು ಇಲ್ಲ, ಬಾಲವನ್ನು ತಿರುಗಿಸುವ ಹೆಜ್ಜೆ ಮಾತ್ರ ಉಳಿಯುತ್ತದೆ. ಇಡೀ ಬಾಲ ತಿರುಗಿದರೆ [1, 2, 3]. ನಿಮ್ಮ ಮೊದಲ ಲೂಪ್ ಇದನ್ನು ತಾನಾಗಿಯೇ ಕಂಡುಕೊಂಡಿತ್ತು: ಪಿವಟ್ ಸಿಗದೆ ಎಡತುದಿ ದಾಟಿ `i` ಬೆಲೆ -1 ಆಯಿತು. ಆಗ ಬಾಲ ಶುರುವಾಗುವ ಜಾಗ `i + 1`, ಅಂದರೆ 0. ಲೆಕ್ಕ ಎಷ್ಟು ಸೊಗಸಾಗಿ ಕೂಡಿಬಂತು! ಬೇಕಿದ್ದದ್ದು ಇಷ್ಟೇ: `i` ಸೊನ್ನೆಗಿಂತ ಕಡಿಮೆಯಾದರೆ ನಡುವಿನ ಹೆಜ್ಜೆಯನ್ನು ಬಿಡಬೇಕು. ಅದೇ ನಿಮ್ಮ ಕೋಡಿನಲ್ಲಿ ಇಲ್ಲ.

ಅದು ಇಲ್ಲದಿದ್ದರೆ ಪೈಥಾನ್ ಏನು ಮಾಡುತ್ತದೆ? `a[-1]` ಅಂದರೆ ಪೈಥಾನಿಗೆ ಕೊನೆಯ ಸಂಖ್ಯೆ. ಇದು ತಪ್ಪು ಅಂತ ಅದು ಹೇಳುವುದಿಲ್ಲ, ಸುಮ್ಮನೆ 1ನ್ನು ಪಿವಟ್ ಅಂತ ಎತ್ತಿಕೊಡುತ್ತದೆ. ಮೊದಲು ನೀವು `<` ಬಳಸುತ್ತಿದ್ದಾಗ ಬಲತುದಿಯಲ್ಲೇ `1 < 1` ಸುಳ್ಳಾಗಿ ಲೂಪ್ ನಿಂತಿತು. `j` ಇರುವುದು ಕೊನೆಯ ಜಾಗದಲ್ಲಿ, `a[-1]` ಕೂಡ ಅದೇ ಜಾಗ. ಒಂದು ಸಂಖ್ಯೆ ತನ್ನೊಂದಿಗೆ ತಾನೇ ಅದಲುಬದಲಾಯಿತು. ಆಮೇಲೆ ಪೂರ್ತಿ ತಿರುಗಿ [1, 2, 3] ಬಂತು. ನಾನು ಆಕಸ್ಮಿಕ ಅಂದದ್ದು ಇದನ್ನೇ. `<=` ಮಾಡಿದ ಮೇಲೆ ಲೂಪ್ ಆ 1ನ್ನು ದಾಟಿ 2ರ ಬಳಿ ನಿಂತಿತು. 2 ಮತ್ತು ಕೊನೆಯ 1 ಅದಲುಬದಲಾಗಿ [3, 1, 2] ಆಯಿತು, ಪೂರ್ತಿ ತಿರುಗಿ [2, 1, 3] ಆಯಿತು. ಅಲ್ಲಿಂದ ಮುಂದೆ ಕರೆಯುತ್ತಾ ಹೋದರೆ [2, 3, 1], [3, 1, 2], [3, 2, 1], ಮತ್ತೆ [2, 1, 3]. ಈ ನಾಲ್ಕರ ಸುತ್ತಿನಿಂದ ಹೊರಬರುವ ದಾರಿಯಿಲ್ಲ.

ಇದೇ ಕೋಡಿಗೆ [2, 2, 2] ಕೊಟ್ಟು ನೋಡಿ. `j` ಎಡಕ್ಕೆ ಸರಿಯುತ್ತಾ ಸೊನ್ನೆಯನ್ನೂ ದಾಟಿ -1, -2, -3 ಅಂತ ಇನ್ನೊಂದು ಸುತ್ತು ಹೊಡೆದು, -4ಕ್ಕೆ `IndexError` ಕೊಡುತ್ತದೆ. ತಪ್ಪು ಒಂದೇ, ಕಾಣಿಸಿಕೊಳ್ಳುವ ರೂಪ ಎರಡು. ಜಾವಾದಲ್ಲಿ ಬರೆದಿದ್ದರೆ [3, 2, 1] ಕೊಟ್ಟ ಮೊದಲ ಸಲವೇ `ArrayIndexOutOfBoundsException` ಬಂದು ನಿಮಗೆ ವಿಷಯ ಗೊತ್ತಾಗುತ್ತಿತ್ತು. ಸಿ ಅಥವಾ ಸಿ ಪ್ಲಸ್ ಪ್ಲಸ್‌ನಲ್ಲಿ ಅರೇಯ ಆಚೆಗಿನ ಮೆಮೊರಿಯನ್ನು ಓದಿ, ಅಲ್ಲಿಗೇ ಬರೆದುಬಿಡುವ ಅಪಾಯವಿದೆ.

ತಿದ್ದಿದ ಕೋಡ್ ಹೀಗಿರುತ್ತದೆ:

```python
def next_permutation(a):
    i = len(a) - 2
    while i >= 0 and a[i] >= a[i + 1]:
        i -= 1
    if i >= 0:
        j = len(a) - 1
        while a[j] <= a[i]:
            j -= 1
        a[i], a[j] = a[j], a[i]
    l, r = i + 1, len(a) - 1
    while l < r:
        a[l], a[r] = a[r], a[l]
        l += 1
        r -= 1
    return i >= 0
```

ಎರಡನೇ ಲೂಪಿಗೆ `j` ಎಡತುದಿ ದಾಟೀತು ಅನ್ನುವ ಕಾವಲು ಬೇಡವೇ ಅಂತ ನೀವು ಕೇಳಬಹುದು. ಬೇಡ. ಪಿವಟ್ ಇದೆ ಅಂದರೆ ಅದರ ಪಕ್ಕದ `a[i + 1]` ಅದಕ್ಕಿಂತ ದೊಡ್ಡದು ಅಂತ ಮೊದಲ ಲೂಪೇ ಖಾತ್ರಿ ಮಾಡಿದೆ. `j` ಅಲ್ಲಿಗಿಂತ ಎಡಕ್ಕೆ ಹೋಗಲಾರದು. ಖಾಲಿ ಅರೇ ಕೊಟ್ಟರೂ, ಒಂದೇ ಸಂಖ್ಯೆ ಕೊಟ್ಟರೂ ಈ ಕೋಡ್ ಏನನ್ನೂ ಮುಟ್ಟದೆ `False` ಕೊಡುತ್ತದೆ, ಅವಕ್ಕೂ ಬೇರೆ `if` ಬೇಕಿಲ್ಲ.

ನಿಮ್ಮ ಗೆಳತಿಯ ಸಲಹೆಯಿಂದ ಉತ್ತರ ತಪ್ಪಾಗುವುದಿಲ್ಲ. ಆದರೆ ಪೂರ್ತಿ ಇಳಿಕೆ ಕ್ರಮದಲ್ಲಿದೆಯೇ ಅಂತ ಮೊದಲೇ ನೋಡುವುದೆಂದರೆ ಮೊದಲ ಲೂಪ್ ಮಾಡುವ ಕೆಲಸವನ್ನೇ ಎರಡು ಸಲ ಮಾಡಿದಂತೆ. ಆ ತಪಾಸಣೆಯಲ್ಲಿ `>=` ಬದಲು `>` ಬರೆದರೆ [2, 2, 2] ಅದರ ಕೈತಪ್ಪಿ ಒಳಗೆ ಬಂದು ಮತ್ತೆ ಅದೇ `IndexError` ಕೊಡುತ್ತದೆ. ಇಳಿಕೆ ಕ್ರಮವನ್ನು ಹೊರಗಿನವನಂತೆ ಬಾಗಿಲಲ್ಲೇ ತಡೆಯುವುದಕ್ಕಿಂತ, ಬಾಲ ಅಂದರೆ ಇಡೀ ಅರೇಯೂ ಆಗಬಹುದು ಅಂತ ಒಪ್ಪಿಕೊಳ್ಳುವುದು ನನಗೆ ಹೆಚ್ಚು ಇಷ್ಟ.

`sort()` ಬಗ್ಗೆ ನನ್ನ ನಿಜವಾದ ಆತಂಕ ಬೇರೆ, ಅದು ಪೈಥಾನ್‌ನ ಸ್ಲೈಸ್‌ಗೆ ಸಂಬಂಧಿಸಿದ್ದು. ಎಷ್ಟೋ ಜನ ಕೊನೆಯ ಹೆಜ್ಜೆಗೆ `a[i+1:].sort()` ಅಥವಾ `a[i+1:].reverse()` ಅಂತ ಬರೆಯುತ್ತಾರೆ. ಸ್ಲೈಸ್ ಅಂದರೆ ಹೊಸ ಪ್ರತಿ. ಆ ಪ್ರತಿ ತಿರುಗುತ್ತದೆ, ಆ ಕ್ಷಣವೇ ಕಸಕ್ಕೆ ಹೋಗುತ್ತದೆ. ನಿಮ್ಮ `a` ಇದ್ದಹಾಗೇ ಇರುತ್ತದೆ. ಆಗ [1, 2, 3] ಇಂದ ಹೊರಟರೆ [1, 3, 2], [2, 3, 1], [3, 2, 1] ಅಂತ ನಾಲ್ಕಕ್ಕೇ ಮುಗಿದುಹೋಗುತ್ತದೆ, ಎರಡು ಕಾಣೆ. ಇನ್ನು ಕೆಲವರು ಚುಟುಕಾಗಿರಲಿ ಅಂತ ಹೀಗೆ ಬರೆಯುತ್ತಾರೆ:

```python
a[i+1:] = a[:i:-1]
```

ಇದು ಪಿವಟ್ ಇರುವವರೆಗೆ ಸರಿಯಾಗಿ ತಿರುಗಿಸುತ್ತದೆ. ಇಳಿಕೆ ಕ್ರಮದ ಅರೇ ಬಂದು `i` -1 ಆದಾಗ `a[:-1:-1]` ಅಂದರೆ ‘ಕೊನೆಯಿಂದ ಶುರು ಮಾಡಿ ಕೊನೆಯಲ್ಲೇ ನಿಲ್ಲು’ ಅಂತ ಅರ್ಥವಾಗಿ ಖಾಲಿ ಸ್ಲೈಸ್ ಬರುತ್ತದೆ. ಎಡಗಡೆಯ `a[0:]` ಇಡೀ ಅರೇ. ಇಡೀ ಅರೇಗೆ ಖಾಲಿಯನ್ನು ತುಂಬಿದಿರಿ, [3, 2, 1] ಹೋಗಿ [] ಆಯಿತು. ಇದನ್ನು ಮೊದಲ ಸಲ ಕಂಡಾಗ ನನಗೆ ನಂಬಲಿಕ್ಕೇ ಆಗಲಿಲ್ಲ, ಎರಡು ಸಲ ಓಡಿಸಿ ನೋಡಿದ್ದೆ. ಅದಲ್ಲದೆ ಸ್ಲೈಸ್‌ಗೆ ಸ್ಲೈಸ್ ತುಂಬುವ ಯಾವ ವಿಧಾನವೂ ಬಾಲದಷ್ಟು ಉದ್ದದ ಹೊಸ ಪ್ರತಿಯನ್ನು ಮಾಡುತ್ತದೆ. ‘ಇದ್ದ ಜಾಗದಲ್ಲೇ’ ಅನ್ನುವ ಷರತ್ತು ಇರುವಾಗ ಎರಡು ತುದಿಯಿಂದ ಒಳಕ್ಕೆ ಬರುವ `l`, `r` ಲೂಪೇ ಪ್ರಾಮಾಣಿಕ. ಕೊನೆಯ ಲೂಪ್ ಸರಿ ಇದೆ ಅಂತ ನೀವು ಬರೆದಿದ್ದೀರಿ. ಅದು ಲೂಪೇ ಆಗಿದ್ದರೆ ಹಾಗೇ ಇರಲಿ.

ಇನ್ನು, ಇಳಿಕೆ ಕ್ರಮ ಬಂದಾಗ ಮೊದಲಿಗೆ ಮರಳುವುದೇ ಸರಿಯಾದ ಉತ್ತರವೇ? ಅದನ್ನು ಪ್ರಶ್ನೆ ತೀರ್ಮಾನಿಸುತ್ತದೆ. ಸಿ ಪ್ಲಸ್ ಪ್ಲಸ್‌ನ `std::next_permutation` ಮೇಲಿನ ಕೋಡಿನಂತೆಯೇ ಅರೇಯನ್ನು ಏರಿಕೆ ಕ್ರಮಕ್ಕೆ ತಂದು `false` ಕೊಡುತ್ತದೆ. ಎಲ್ಲವನ್ನೂ ಒಂದೊಂದಾಗಿ ನೋಡುವಾಗ ಇದು ಅನುಕೂಲ. ಆದರೆ ‘ಇದೇ ಅಂಕಿಗಳಿಂದ ಇದಕ್ಕಿಂತ ದೊಡ್ಡದಾದ ಮುಂದಿನ ಸಂಖ್ಯೆ ಕೊಡಿ’ ಅನ್ನುವ ಪ್ರಶ್ನೆಗೆ 321 ಬಂದರೆ 123 ಅಂತ ಉತ್ತರಿಸುವುದು ತಪ್ಪು. ಅಲ್ಲಿ ‘ಇಲ್ಲ’ ಅನ್ನಬೇಕು. ಅದಕ್ಕೇ ನಾನು ಕೊನೆಯಲ್ಲಿ `return i >= 0` ಇಟ್ಟಿದ್ದು. ಕರೆದವರು ಆ `False` ನೋಡಿ ತಮಗೆ ಬೇಕಾದದ್ದು ಮಾಡಿಕೊಳ್ಳಬಹುದು. ನೋಡದೆ ಕರೆಯುತ್ತಲೇ ಹೋದರೆ ಮೀಟರು ಸುತ್ತುತ್ತಲೇ ಇರುತ್ತದೆ. ಇನ್ನೊಂದು ಎಚ್ಚರ: ಎಲ್ಲವೂ ಬೇಕಿದ್ದರೆ ಏರಿಕೆ ಕ್ರಮದಿಂದಲೇ ಶುರು ಮಾಡಬೇಕು. [2, 1, 3] ಇಂದ ಹೊರಟು `False` ಬಂದಾಗ ನಿಂತರೆ ನಾಲ್ಕೇ ಸಿಗುತ್ತವೆ, 1ರಿಂದ ಶುರುವಾಗುವ ಎರಡು ಹಿಂದೆಯೇ ಉಳಿದುಬಿಡುತ್ತವೆ.

ಕೆಲವರು ಎಲ್ಲ ಕ್ರಮಯೋಜನೆಗಳನ್ನೂ ಮಾಡಿಟ್ಟುಕೊಂಡು ಪಟ್ಟಿಯಲ್ಲಿ ಮುಂದಿನದನ್ನು ಹುಡುಕುವ ದಾರಿ ಹೇಳುತ್ತಾರೆ. 10 ಸಂಖ್ಯೆಗಳಿಗೆ 36,28,800 ಜೋಡಣೆಗಳು, 13ಕ್ಕೆ 600 ಕೋಟಿ ದಾಟುತ್ತದೆ. ನಮ್ಮ ಕೋಡಿಗೆ ಒಂದು ಲಕ್ಷ ಸಂಖ್ಯೆಗಳಿದ್ದರೂ ಒಂದು ಹೆಜ್ಜೆಗೆ ಹೆಚ್ಚೆಂದರೆ ಬಾಲದ ಉದ್ದಕ್ಕೂ ಕೆಲವು ಸಲ ಓಡಾಡಿದರೆ ಸಾಕು. ಎಲ್ಲ ಸಂಖ್ಯೆಗಳೂ ಬೇರೆ ಬೇರೆ ಇರುವ ಅರೇಯಲ್ಲಿ ಪೂರ್ತಿ ಸುತ್ತು ಹೊಡೆದರೆ ಅರ್ಧದಷ್ಟು ಸಲ ಬಾಲದಲ್ಲಿ ಇರುವುದು ಒಂದೇ ಸಂಖ್ಯೆ, ಕೊನೆಯ ಎರಡನ್ನು ಅದಲುಬದಲು ಮಾಡಿದರೆ ಕೆಲಸ ಮುಗಿಯಿತು. ಮೀಟರಿನಲ್ಲೂ ಹಾಗೇ, ಹೆಚ್ಚಿನ ಸಲ ತಿರುಗುವುದು ಕೊನೆಯ ಚಕ್ರವೊಂದೇ. ಪೂರ್ತಿ ಇಳಿಕೆ ಕ್ರಮ ಇಡೀ ಸುತ್ತಿನಲ್ಲಿ ಒಂದೇ ಸಲ ಬರುತ್ತದೆ, ಪರೀಕ್ಷೆಯಲ್ಲಿ ಅದನ್ನು ಬಿಟ್ಟುಬಿಡುವುದು ಅಷ್ಟು ಸುಲಭವಾಗಿರುವುದೂ ಇದಕ್ಕೇ.

ಇದು ನಮ್ಮ ನೆಲಕ್ಕೆ ಹೊಸ ವಿದ್ಯೆಯಲ್ಲ ಅನ್ನುವುದನ್ನು ಇಲ್ಲಿ ಹೇಳಿಬಿಡುತ್ತೇನೆ. ಕ್ರಮಯೋಜನೆಗಳನ್ನು ಒಂದರ ನಂತರ ಒಂದಾಗಿ ಕ್ರಮವಾಗಿ ಬರೆಯುತ್ತಾ ಹೋಗುವ ಈ ವಿಧಾನದ ಮೂಲವನ್ನು ನಾರಾಯಣ ಪಂಡಿತರು 1356ರಲ್ಲಿ ಬರೆದ ‘ಗಣಿತ ಕೌಮುದಿ’ಯಲ್ಲಿ ಗುರುತಿಸುತ್ತಾರೆ. ಅದರಲ್ಲಿ ‘ಅಂಕಪಾಶ’ ಅನ್ನುವ ಅಧ್ಯಾಯವೇ ಇದೆ.

ಮೇಲೆ ‘ಕಮಲ’ದ ಉದಾಹರಣೆ ಕೊಟ್ಟೆನಲ್ಲ, ಅದನ್ನು ನೋಡಿ ಕನ್ನಡ ಪದಗಳ ಮೇಲೆ ಈ ಕೋಡ್ ಓಡಿಸಬೇಕು ಅನ್ನಿಸಿದರೆ ಒಂದು ಮಾತು. ‘ಕಮಲ’ದಲ್ಲಿ ಗುಣಿತಾಕ್ಷರ ಇಲ್ಲದ್ದರಿಂದ `list("ಕಮಲ")` ಮೂರು ತುಂಡು ಕೊಡುತ್ತದೆ. `list("ಕಾವೇರಿ")` ಕೊಟ್ಟರೆ ದೀರ್ಘ, ಏತ್ವ, ಗುಡಿಸು ಎಲ್ಲ ಬೇರೆ ಬೇರೆ ತುಂಡುಗಳಾಗಿ ಬಂದು, ಜೋಡಣೆಯಲ್ಲಿ ಆ ಚಿಹ್ನೆಗಳು ಯಾವುದೋ ಅಕ್ಷರಕ್ಕೆ ಅಂಟಿಕೊಳ್ಳುತ್ತವೆ. ಮೊದಲು ನೀವೇ ["ಕಾ", "ವೇ", "ರಿ"] ಅಂತ ಅಕ್ಷರಗಳಾಗಿ ಬಿಡಿಸಿ ಕೊಡಿ.

ಕೊನೆಯದಾಗಿ, ತಪ್ಪು ಉಳಿದಿದೆಯೋ ಇಲ್ಲವೋ ಅಂತ ತಿಳಿಯುವ ಬಗೆ. ಒಂದೆರಡು ಅರೇ ಕೊಟ್ಟು ಕಣ್ಣಲ್ಲಿ ನೋಡಿದರೆ ಸಾಲದು, ನಿಮಗೆ ಈಗಾಗಲೇ ಅನುಭವ ಆಗಿದೆ. ಪೂರ್ತಿ ಸುತ್ತು ಹೊಡೆಸಿ:

```python
from itertools import permutations

def check(v):
    a = sorted(v)
    seen = [tuple(a)]
    while next_permutation(a):
        assert tuple(a) > seen[-1]
        seen.append(tuple(a))
    assert seen == sorted(set(permutations(v)))
    assert a == sorted(v)
```

ಇಲ್ಲಿ ಮೂರು `assert`ಗಳೂ ಬೇಕು. ಮೊದಲನೆಯದು ಪ್ರತಿ ಹೆಜ್ಜೆಯೂ ಮೇಲಕ್ಕೇ ಹೋಗುತ್ತಿದೆಯೇ ಅಂತ ನೋಡುತ್ತದೆ. ನಿಮ್ಮ `<` ತಪ್ಪು ಇಲ್ಲೇ ಸಿಕ್ಕಿಬೀಳುತ್ತದೆ, ಕೊನೆಯಿಲ್ಲದ ಸುತ್ತಿಗೆ ಹೋಗುವ ಮುಂಚೆಯೇ. ಎರಡನೆಯದು ಯಾವುದೂ ಬಿಟ್ಟುಹೋಗಿಲ್ಲ ಅಂತ ನೋಡುತ್ತದೆ. `a[i+1:].reverse()` ಬರೆದವರ ಕೋಡ್ ಮೇಲಕ್ಕೇ ಹೋಗುತ್ತದೆ, ಆದರೆ ನಾಲ್ಕೇ ಕೊಡುತ್ತದೆ, ಹಾಗಾಗಿ ಮೊದಲನೆಯದನ್ನು ದಾಟಿ ಎರಡನೆಯದರಲ್ಲಿ ಸಿಗುತ್ತದೆ. `set` ಹಾಕಿರುವುದಕ್ಕೆ ಕಾರಣ, `permutations` ಬೆಲೆ ನೋಡುವುದಿಲ್ಲ, ಜಾಗ ನೋಡುತ್ತದೆ: [1, 5, 1] ಕೊಟ್ಟರೆ ಮೂರರ ಬದಲು ಆರು ಕೊಡುತ್ತದೆ, ಒಂದೊಂದೂ ಎರಡೆರಡು ಸಲ. ಮೂರನೆಯದು ಇಳಿಕೆ ಕ್ರಮದಿಂದ ಮೊದಲಿಗೆ ಮರಳಿತೇ ಅಂತ ನೋಡುತ್ತದೆ. ನಿಮ್ಮ [2, 1, 3] ಮತ್ತು ಆ ಖಾಲಿಯಾಗಿಬಿಡುವ ಅರೇ ಸಿಗುವುದು ಇದರಲ್ಲಿ.

ಇದಕ್ಕೆ [], [7], [1, 2, 3], [1, 1, 5], [1, 5, 5], [2, 2, 2], [1, 2, 2, 3] ಇಷ್ಟನ್ನು ಕೊಡಿ. ಮೊದಲು ನಿಮ್ಮ ಹಳೆಯ ಕೋಡನ್ನೇ `def next_permutation(a):` ಒಳಗಿಟ್ಟು, ಕೊನೆಯಲ್ಲಿ `return i >= 0` ಒಂದು ಸಾಲು ಸೇರಿಸಿ, `<` ಇಟ್ಟು ಒಂದು ಸಲ, `<=` ಇಟ್ಟು ಒಂದು ಸಲ ಓಡಿಸಿ, ಯಾವುದು ಯಾವ ಸಾಲಿನಲ್ಲಿ ನಿಲ್ಲುತ್ತದೆ ಅಂತ ಬರೆದಿಟ್ಟುಕೊಳ್ಳಿ. ಖಾಲಿ ಅರೇಯಲ್ಲಿ `i` ಬೆಲೆ -2ರಿಂದ ಶುರುವಾಗುವುದರಿಂದ ಎರಡೂ ಅಲ್ಲೇ `IndexError` ಕೊಡುತ್ತವೆ, ಅದನ್ನು ಪಕ್ಕಕ್ಕಿಟ್ಟು ಉಳಿದವನ್ನು ನೋಡಿ. `<` ಇರುವಾಗ [1, 1, 5]ರಲ್ಲಿ ಮೊದಲ `assert` ನಿಲ್ಲಿಸುತ್ತದೆ, `<=` ಇರುವಾಗ [7] ಕೂಡ `IndexError` ಕೊಡುತ್ತದೆ, [1, 2, 3]ರಲ್ಲಿ ಮೂರನೆಯ `assert` ನಿಲ್ಲಿಸುತ್ತದೆ. ಆಮೇಲೆ ಮೇಲಿನ ತಿದ್ದಿದ ಕೋಡನ್ನು ಹಾಕಿ.